ಅಜ್ಜಿ ಬರೆದ ಸೇರು, ನಾವು ಓದಿದ ಸೇರು

ಅಜ್ಜಿಯ ಅಡುಗೆ ಪುಸ್ತಕದ ಸಾರಿನಪುಡಿ ಪುಟದಲ್ಲಿರುವುದು ಇಷ್ಟೇ: "ಧನಿಯ ೧ ಸೇರು. ಮೆಣಶಿನಕಾಯಿ ೧ ಸೇರು. ಜೀರಿಗೆ ೧ ಪಾ. ಮೆಣಸು ೦||. ಮೆಂತ್ಯ ೦||. ಸಾಸಿವೆ ೦||. ಇಂಗು ೨ ಆಣೆ. ಕರಿಬೇವು. ಹದವಾಗಿ ಹುರಿದು ಕುಟ್ಟಿಸುವುದು." ಕೆಳಗೊಂದು ಗೆರೆ, ಅದರ ಕೆಳಗೆ ಹಾಲಿನವನ ಲೆಕ್ಕ.

ಈ ಪುಟವನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಫೋಟೊ ಹೊಡೆದು ಹಾಕಿದಾಗ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದರು. ನ್ಯೂಜೆರ್ಸಿಯಲ್ಲಿರುವ ಅಕ್ಕ ಮಾತ್ರ ಕೇಳಿದಳು, "ಸರಿ, ಇದನ್ನ ಮಾಡೋದು ಹೇಗೆ?" ಸೇರು ಅಂದರೆ ಎಷ್ಟು, ೦ ಆದಮೇಲೆ ಇರುವ ಎರಡು ಕಡ್ಡಿ ಏನು, ಎರಡಾಣೆಗೆ ಎಷ್ಟು ಇಂಗು ಬರುತ್ತಿತ್ತು? ಗುಂಪಿನಲ್ಲಿ ಅರವತ್ತು ದಾಟಿದವರಿಗೆ ಅರ್ಧ ಗೊತ್ತಿತ್ತು, ನಲವತ್ತರೊಳಗಿನವರಿಗೆ ಏನೂ ಗೊತ್ತಿರಲಿಲ್ಲ. ಪುಸ್ತಕವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡೋಣ ಎನ್ನುವ ಮಾತು ಬಂದದ್ದು ಆಗಲೇ. ಸ್ಕ್ಯಾನ್ ಒಂದು ಭಾನುವಾರದ ಕೆಲಸ. ಓದುವುದು ತಿಂಗಳುಗಳ ಕೆಲಸ. ಈ ಎರಡನ್ನೂ ಬೇರೆ ಬೇರೆ ಎಂದುಕೊಂಡವರು ಸ್ಕ್ಯಾನ್ ಮಾಡುವಾಗಲೇ ಮುಂದೆ ಓದಲಾಗದಂತೆ ಮಾಡಿಬಿಡುತ್ತಾರೆ. ಹೇಗೆ ಎನ್ನುವುದಕ್ಕೆ ಆ ಎರಡು ಕಡ್ಡಿಗಳೇ ಸಾಕು.

ಹಳೆಯ ಕನ್ನಡ ಲೆಕ್ಕದಲ್ಲಿ ಒಂದು ಕಡ್ಡಿ ಎಂದರೆ ಕಾಲು, ಎರಡು ಕಡ್ಡಿ ಅರೆ, ಮೂರು ಕಡ್ಡಿ ಮುಕ್ಕಾಲು. ೧|| ಎಂದರೆ ಒಂದೂವರೆ. ಶಾನುಭೋಗರ ಕಡತದಿಂದ ಹಿಡಿದು ಅಂಗಡಿ ಖಾತೆಯವರೆಗೆ ಎಲ್ಲ ಕಡೆ ಹೀಗೇ ಬರೆಯುತ್ತಿದ್ದರು. ಅಜ್ಜಿ ಕಲಿತದ್ದೂ ಅದೇ. ಹಾಗಾಗಿ ಮೆಣಸು ೦|| ಎಂದರೆ ಅರೆಪಾವು. ಮೇಲಿನ ಸಾಲಿನಲ್ಲಿ "ಪಾ" ಎಂದು ಬರೆದಾಗಿದೆ, ಮತ್ತೆ ಮತ್ತೆ ಬರೆಯುವುದೇಕೆ ಎಂದು ಅಜ್ಜಿ ಬಿಟ್ಟಿದ್ದಾರೆ. ಒಂದು ಕಡ್ಡಿ ಅಳಿಸಿಹೋದರೆ ಮೆಣಸು ಅರ್ಧಕ್ಕೆ ಇಳಿಯುತ್ತದೆ; ಅದೇನೂ ದೊಡ್ಡ ನಷ್ಟವಲ್ಲ. ಮೆಂತ್ಯದ ಮುಂದೆ ಇಲ್ಲದ ಕಡ್ಡಿಯೊಂದು ಸೇರಿಕೊಂಡು ಮೂರಾದರೆ ಮಾತ್ರ ಪುಡಿ ಕಹಿ. ಇಲ್ಲದ ಕಡ್ಡಿ ಎಲ್ಲಿಂದ ಬರುತ್ತದೆ ಎಂದರೆ, ಹಾಳೆಯ ಹಿಂಬದಿಯಿಂದ.

ಅಡುಗೆಮನೆಯಲ್ಲಿ ಬಾಳಿದ ನೋಟ್‌ಬುಕ್ಕಿಗೆ ಎಣ್ಣೆ ತಾಗದೆ ಇರುವುದಿಲ್ಲ. ಎಣ್ಣೆ ಹೀರಿದ ಕಾಗದ ಪಾರದರ್ಶಕವಾಗುತ್ತದೆ, ಹಿಂಬದಿಯ ಬರಹ ಈಚೆಗೆ ಇಣುಕುತ್ತದೆ. ಸಾರಿನಪುಡಿ ಪುಟದ ಹಿಂದೆ ಕೋಡುಬಳೆ ಇದೆ, ಅದರ ಅಕ್ಷರಗಳ ಇಳಿಗೆರೆಗಳು ಇತ್ತ ಕಡ್ಡಿಗಳಂತೆ ಕಾಣುತ್ತವೆ. ಇದಕ್ಕೆ ಪರಿಹಾರ ಸುಲಭ: ಫೋಟೊ ತೆಗೆಯುವ ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಡಬೇಕು. ಹಿಂದೆ ಬಿಳಿ ಹಾಳೆ ಇದ್ದರೆ ಬೆಳಕು ಅದಕ್ಕೆ ಬಡಿದು ವಾಪಸು ಬರುವಾಗ ಹಿಂಬದಿಯ ಅಕ್ಷರಗಳನ್ನು ನೆರಳಿನಂತೆ ಎತ್ತಿ ತೋರಿಸುತ್ತದೆ. ಕಪ್ಪು ಕಾಗದ ಆ ಬೆಳಕನ್ನು ನುಂಗಿಬಿಡುತ್ತದೆ. ಚಿತ್ರ ಸ್ವಲ್ಪ ಮಂಕಾಗುತ್ತದೆ, ಆದರೆ ಹಿಂಬದಿಯ ಅಕ್ಷರ ಬಹುಮಟ್ಟಿಗೆ ಮರೆಯಾಗುತ್ತದೆ.

ಫ್ಲ್ಯಾಶ್ ಹಾಕಬಾರದು, ಎಣ್ಣೆಯ ಜಾಗ ಮಿಂಚಿ ಅಲ್ಲಿನ ಅಕ್ಷರವೇ ಮಾಯ. ನಾವು ಕಿಟಕಿಯ ಪಕ್ಕದ ಮೇಜಿನ ಮೇಲೆ, ನೇರ ಬಿಸಿಲು ಬೀಳದ ಹೊತ್ತಿನಲ್ಲಿ ಕೆಲಸ ಮಾಡಿದೆವು. ಎರಡು ಬದಿಗೂ ಪುಸ್ತಕಗಳ ಗುಡ್ಡೆ, ಅವುಗಳ ಮೇಲೆ ಅಡ್ಡಲಾಗಿ ಫೋನು, ಕ್ಯಾಮೆರಾ ಹಾಳೆಗೆ ನೇರ ಮೇಲೆ. ಫೋನು ಓರೆಯಾದರೆ ಪುಟದ ಒಂದು ತುದಿ ಮಸುಕಾಗುತ್ತದೆ. ನೋಟ್‌ಬುಕ್ಕನ್ನು ಪೂರ್ತಿ ಅಗಲಿಸಿ ಒತ್ತಲಿಲ್ಲ. ಹಳೆಯ ಹೊಲಿಗೆ ಹರಿಯುತ್ತದೆ. ಎಡಬದಿಯ ರಟ್ಟಿಗೆ ಆಸರೆ ಕೊಟ್ಟು ಅರೆ ತೆರೆದಿಟ್ಟು, ಮೊದಲು ಬಲಗಡೆಯ ಪುಟಗಳನ್ನೆಲ್ಲ ಮುಗಿಸಿ, ಆಮೇಲೆ ಪುಸ್ತಕ ತಿರುಗಿಸಿ ಎಡಗಡೆಯವನ್ನು ತೆಗೆದೆವು. ನಡುವೆ ಸಿಕ್ಕಿಸಿದ ಚೀಟಿಗಳನ್ನು ಎತ್ತುವ ಮುಂಚೆ ಇದ್ದಲ್ಲೇ ಒಂದು ಫೋಟೊ. ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಬರೆದ ಚೀಟಿಯೊಂದು ಚಿರೋಟಿಯ ಪುಟದಲ್ಲಿತ್ತು, ಅದರಲ್ಲಿ ಬರೀ ಅಳತೆಗಳಿದ್ದವು, ಹೆಸರಿರಲಿಲ್ಲ. ಅದು ಇದ್ದ ಜಾಗವೇ ಅದರ ಹೆಸರು.

ಸ್ವಚ್ಛ ಮಾಡುವ ಉತ್ಸಾಹ ಇಲ್ಲಿ ಅಪಾಯಕಾರಿ. ಒಣಗಿದ ಹಿಟ್ಟನ್ನು ಮೆತ್ತನೆಯ ಒಣ ಬ್ರಷ್‌ನಿಂದ ಸರಿಸಬಹುದು, ಅಷ್ಟೇ. ಒದ್ದೆ ಬಟ್ಟೆ ಮುಟ್ಟಿಸಿದರೆ ಫೌಂಟನ್ ಪೆನ್ನಿನ ನೀಲಿ ಶಾಯಿ ಹರಡುತ್ತದೆ. ಆ ಕಾಲದ ಕೆಲವು ಪೆನ್ಸಿಲ್‌ಗಳು ಇನ್ನೂ ಮೋಸದವು: ಒಣಗಿದ್ದಾಗ ಸಾಮಾನ್ಯ ಸೀಸದ ಕಡ್ಡಿಯಂತೆ ಬೂದು, ನೀರು ತಾಗಿದ ಕ್ಷಣ ಗಾಢ ನೇರಳೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚುವುದೂ, ಪುಟಗಳನ್ನು ಲ್ಯಾಮಿನೇಟ್ ಮಾಡಿಸುವುದೂ ಪ್ರೀತಿಯಿಂದ ಮಾಡುವ ಹಾನಿ. ಟೇಪಿನ ಅಂಟು ವರ್ಷಗಳಲ್ಲಿ ಕಂದು ಪಟ್ಟಿಯಾಗುತ್ತದೆ, ಲ್ಯಾಮಿನೇಷನ್ ಬಿಚ್ಚಲು ಬರುವುದೇ ಇಲ್ಲ.

ಅರಿಸಿನದ ಕಲೆಯ ವಿಷಯ ಮಾತ್ರ ನಮಗೆಲ್ಲ ಹೊಸದಾಗಿತ್ತು. ಸಾಸಿವೆಯ ಸಾಲಿನ ಮೇಲೆ ಅರಿಸಿನದ ಬೆರಳಚ್ಚು ಬಿದ್ದು ನೀಲಿ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ. ಯಾವ ಬಣ್ಣದ ಚಿತ್ರವೇ ಆಗಲಿ, ಒಳಗೆ ಅದು ಕೆಂಪು, ಹಸಿರು, ನೀಲಿ ಎಂಬ ಮೂರು ಪದರ. ಅರಿಸಿನ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಕೆಂಪು ಬೆಳಕನ್ನು ಹಾಗೇ ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಕೆಂಪು ಪದರವನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಅರಿಸಿನ ಕಾಗದದಷ್ಟೇ ಬೆಳ್ಳಗಾಗಿ ಕಾಣೆಯಾಗುತ್ತದೆ. ನೀಲಿ ಶಾಯಿ ಅದಕ್ಕೆ ತದ್ವಿರುದ್ಧ, ಕೆಂಪನ್ನು ಹೀರುತ್ತದೆ, ಹಾಗಾಗಿ ಆ ಪದರದಲ್ಲಿ ಕಪ್ಪಾಗಿ ಎದ್ದು ಬರುತ್ತದೆ. ಉಚಿತವಾಗಿ ಸಿಗುವ GIMP ತಂತ್ರಾಂಶದಲ್ಲಿ Colors → Components → Decompose ಎಂಬಲ್ಲಿ ಈ ಪದರಗಳು ಬಿಡಿಬಿಡಿಯಾಗಿ ಸಿಗುತ್ತವೆ. ಸಾಸಿವೆಯ ಎರಡು ಕಡ್ಡಿ ಸ್ಪಷ್ಟವಾದದ್ದು ಹೀಗೆ. ಆದರೆ ಇದೇ ಪದರದಲ್ಲಿ ಅಜ್ಜಿ ಕೆಂಪು ಶಾಯಿಯಲ್ಲಿ ಬರೆದ ಶೀರ್ಷಿಕೆಗಳೂ ಮಾಯವಾಗುತ್ತವೆ. ಆದ್ದರಿಂದ ಇದು ಓದಲಿಕ್ಕೆ ಮಾತ್ರ. ಕಾಪಿಡಬೇಕಾದದ್ದು ಬಣ್ಣದ ಮೂಲ ಚಿತ್ರವನ್ನೇ.

ಫೋನಿನ ಸ್ಕ್ಯಾನ್ ಆ್ಯಪ್‌ಗಳು ತಾವಾಗಿಯೇ ಪುಟವನ್ನು ಅಚ್ಚ ಕಪ್ಪು-ಬಿಳುಪು ಮಾಡಿ ಕೊಡುತ್ತವೆ. ನೋಡಲು ಚೆಂದ. ಆದರೆ ಪ್ರತಿ ಚುಕ್ಕೆಗೂ ಅದು ಒಂದೇ ಪ್ರಶ್ನೆ ಕೇಳುತ್ತದೆ: ನೀನು ಕಪ್ಪೋ, ಬಿಳುಪೋ? ತೆಳುವಾದ ಕಡ್ಡಿ, ಮಾಸಿದ ಪೆನ್ಸಿಲ್ ಗೆರೆ "ಬಿಳುಪು" ಪಾಲಿಗೆ ಸೇರಿಬಿಡುತ್ತವೆ. ಬಣ್ಣದಲ್ಲೇ, ಇಂಚಿಗೆ 300 ಚುಕ್ಕೆ, ಪೆನ್ಸಿಲ್ ಬರಹವಿದ್ದರೆ 400 ಚುಕ್ಕೆಯಲ್ಲಿ ತೆಗೆದರೆ ಈ ತೊಂದರೆ ಇಲ್ಲ.

ಕಡತದ ಗಾತ್ರ ಕುಗ್ಗಿಸುವ ಆಸೆಯಿಂದ ಏನಾಗಬಹುದು ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞ ಕಟ್ಟಡದ ನಕ್ಷೆಯೊಂದರ ಸ್ಕ್ಯಾನ್ ನೋಡುತ್ತಿದ್ದಾಗ, ಬೇರೆ ಬೇರೆ ಅಳತೆಯ ಕೋಣೆಗಳಿಗೆಲ್ಲ ಒಂದೇ ವಿಸ್ತೀರ್ಣ ನಮೂದಾಗಿರುವುದನ್ನು ಕಂಡರು. ಝೆರಾಕ್ಸ್ ಕಂಪನಿಯ ಆ ಯಂತ್ರ ಜಾಗ ಉಳಿಸಲೆಂದು, ಒಂದೇ ತರಹ ಕಾಣುವ ಅಂಕಿಗಳನ್ನು ಒಂದೇ ಎಂದು ಭಾವಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುತ್ತಿತ್ತು. 6 ಇದ್ದಲ್ಲಿ 8. ಮಸುಕಾಗಿದ್ದರೆ ಓದುವವನಿಗೆ ಅನುಮಾನವಾದರೂ ಬರುತ್ತದೆ, ಇಲ್ಲಿ ತಪ್ಪು ಅಂಕಿಯೇ ಸ್ವಚ್ಛವಾಗಿ ಅಚ್ಚಾಗಿತ್ತು. ಕಂಪನಿ ಆಮೇಲೆ ಅದನ್ನು ಸರಿಪಡಿಸಿತು. ಕನ್ನಡ ಕೈಬರಹದ ೩, ೬, ೭ಗಳ ಹೋಲಿಕೆ ಬಲ್ಲವರಿಗೆ ಇದರಲ್ಲಿ ಎಷ್ಟು ಭಯವಿದೆಯೆಂದು ಹೇಳಬೇಕಾಗಿಲ್ಲ.

ಇನ್ನು ಓದುವ ಕೆಲಸ. ಸೇರು ಎಂಬುದು ಒಂದೇ ಅಳತೆ ಎಂದುಕೊಂಡರೆ ಸಾರಿನಪುಡಿ ಕೆಟ್ಟಿತೆಂದೇ ಲೆಕ್ಕ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಕಡಿಮೆಯೆಂದರೆ ಎರಡು ಸೇರು ಓಡಾಡುತ್ತಿದ್ದವು. ಒಂದು ಅಳೆಯುವ ಸೇರು: ಅಕ್ಕಿ, ಬೇಳೆ, ಕಾಳುಗಳನ್ನು ಪಾತ್ರೆಯಲ್ಲಿ ತುಂಬಿ ಅಳೆಯುವುದು, ನಾಲ್ಕು ಪಾವಿಗೆ ಒಂದು ಸೇರು. ಇನ್ನೊಂದು ತೂಗುವ ಸೇರು: ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿಯಂಥವಕ್ಕೆ. ತೂಗುವುದರಲ್ಲೂ ಎರಡು. 24 ತೊಲದ ಕಚ್ಚಾ ಸೇರು, ಸುಮಾರು 280 ಗ್ರಾಂ. 80 ತೊಲದ ದೊಡ್ಡ ಸೇರು, ಸುಮಾರು 933 ಗ್ರಾಂ. ತೊಲ ಎಂದರೆ ಆಗಿನ ಬೆಳ್ಳಿ ರೂಪಾಯಿಯ ತೂಕ, 11.66 ಗ್ರಾಂ. ಪುಸ್ತಕದ ಬೇರೆ ಪುಟಗಳಲ್ಲಿ "ಮೂರು ರೂಪಾಯಿ ತೂಕ ಗಸಗಸೆ" ಎಂದು ಬರುತ್ತದೆ, ಅದು ಬೆಲೆಯಲ್ಲ, ತೂಕ.

ಧನಿಯವನ್ನು ಅಳೆಯುತ್ತಾರೆ. ಒಣಮೆಣಸಿನಕಾಯಿಯನ್ನು ಪಾವಿನಲ್ಲಿ ಅಳೆಯುವುದು ಹೇಗೆ? ತೂಗಲೇಬೇಕು. ಹಾಗಾದರೆ ಯಾವ ಸೇರಿನಲ್ಲಿ? ಇದನ್ನು ತೀರ್ಮಾನಿಸಲು ಪುಸ್ತಕದೊಳಗೇ ದಾರಿಯಿತ್ತು. ಅಜ್ಜಿಯ ಹಿತ್ತಾಳೆ ಪಾವು ದೊಡ್ಡಮ್ಮನ ಮನೆಯಲ್ಲಿ ಇವತ್ತೂ ಅಕ್ಕಿ ಡಬ್ಬಿಯಲ್ಲಿದೆ. ಅದಕ್ಕೆ ಕಂಠಮಟ್ಟ ನೀರು ತುಂಬಿ ತೂಗಿದೆವು: 240 ಗ್ರಾಂ, ಅಂದರೆ 240 ಮಿಲಿ. ಇದು ಆ ಪಾವಿನ ಅಳತೆ ಮಾತ್ರ. ಊರಿಂದ ಊರಿಗೆ, ಮನೆಯಿಂದ ಮನೆಗೆ ಪಾವು ಬದಲಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಪಾವಿನ ಲೆಕ್ಕಕ್ಕಿಂತ ನಿಮ್ಮ ಮನೆಯ ಅಟ್ಟದ ಮೇಲಿರುವ ಪಾವೇ ಪ್ರಮಾಣ. ಅದೇ ಪಾವಿಗೆ ಧನಿಯ ತುಂಬಿದರೆ 80 ಗ್ರಾಂ ಬಂತು. ಧನಿಯ ಟೊಳ್ಳು ಕಾಳು, ಹಗುರ. ಒಂದು ಸೇರಿಗೆ 320 ಗ್ರಾಂ.

ಈಗ 320 ಗ್ರಾಂ ಧನಿಯಕ್ಕೆ ಮೆಣಸಿನಕಾಯಿ 933 ಗ್ರಾಂ ಇರಬಹುದೇ? ಮೂರರಷ್ಟು ಖಾರ. ಬ್ಯಾಡಗಿಯಾದರೂ ಬಾಯಿಗಿಡಲಾಗದು. 280 ಗ್ರಾಂ ಎಂದರೆ ಸರಿಹೊಂದುತ್ತದೆ. ಚಿಕ್ಕಮ್ಮ ಪುಸ್ತಕ ನೋಡದೆಯೇ ಇವತ್ತಿಗೂ ಮಾಡುವ ಪುಡಿಯ ಲೆಕ್ಕ ಕೇಳಿದೆ. "ಕಾಲು ಕೆಜಿ ಧನಿಯಕ್ಕೆ ಇನ್ನೂರು, ಇನ್ನೂರಿಪ್ಪತ್ತು ಗ್ರಾಂ ಮೆಣಸಿನಕಾಯಿ ಕಣೋ, ಅದರಲ್ಲಿ ಗುಂಟೂರು ಒಂದು ಹಿಡಿ, ಉಳಿದದ್ದು ಬ್ಯಾಡಗಿ" ಎಂದರು. 320ಕ್ಕೆ 280 ಆದರೆ 250ಕ್ಕೆ ಸುಮಾರು 220. ಒಂದೇ ಪುಟದ ಎರಡು "೧ ಸೇರು" ಎರಡು ಬೇರೆ ಅಳತೆಗಳು, ಅಜ್ಜಿಗೆ ಅದರಲ್ಲಿ ಗೊಂದಲವೇನೂ ಇರಲಿಲ್ಲ.

ಎರಡಾಣೆ ಇಂಗು ಮಾತ್ರ ಬಗೆಹರಿಯಲಿಲ್ಲ. ಇಂಗಿನ ಬೆಲೆ ಅಂಗಡಿಯಿಂದ ಅಂಗಡಿಗೆ, ತರದಿಂದ ತರಕ್ಕೆ ಬೇರೆ. ಆಗಿನ ಗಟ್ಟಿ ಇಂಗಿಗೂ ಹಿಟ್ಟು ಬೆರೆಸಿದ ಇವತ್ತಿನ ಪುಡಿ ಇಂಗಿಗೂ ಘಾಟಿನಲ್ಲಿ ಹೋಲಿಕೆಯಿಲ್ಲ. ಹಾಗಾಗಿ ಪಿಡಿಎಫ್‌ನಲ್ಲಿ ಅಲ್ಲಿ ಗ್ರಾಂ ಹಾಕದೆ "ಎರಡಾಣೆಯದು" ಎಂದೇ ಉಳಿಸಿ, ಚಿಕ್ಕಮ್ಮ ಈಗ ಹಾಕುವಷ್ಟನ್ನು ಪಕ್ಕದಲ್ಲಿ ಅವರ ಹೆಸರಿನಲ್ಲೇ ಬರೆದೆವು. ಗೊತ್ತಿಲ್ಲದ ಕಡೆ ಒಂದು ಅಂಕಿ ತುಂಬಿಬಿಡುವ ಚಪಲ ಇಂಥ ಕೆಲಸದಲ್ಲಿ ಬಹಳ, ಹತ್ತು ವರ್ಷ ಕಳೆದರೆ ಆ ಅಂಕಿ ಅಜ್ಜಿಯದೇ ಆಗಿಬಿಡುತ್ತದೆ.

ಆಣೆ ಇನ್ನೊಂದು ರೀತಿಯಲ್ಲಿ ಉಪಯೋಗಕ್ಕೆ ಬಂತು. ಪುಸ್ತಕದಲ್ಲಿ ಎಲ್ಲೂ ತಾರೀಖಿಲ್ಲ. ಆದರೆ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು, ಮೆಟ್ರಿಕ್ ತೂಕಗಳು ಜಾರಿಗೆ ಬರತೊಡಗಿದ್ದು 1958ರಿಂದ. ಹಾಲಿನ ಲೆಕ್ಕದಲ್ಲಿ "ನ.ಪೈ." ಎಂದು ಬರೆದ ಪುಟ 1957ಕ್ಕಿಂತ ಹಿಂದಿನದಾಗಿರಲಾರದು; 1964ರಲ್ಲಿ "ನಯಾ" ಎಂಬ ಪದವನ್ನೇ ಕೈಬಿಟ್ಟರು. ಆಣೆ ಇದ್ದ ಮಾತ್ರಕ್ಕೆ ಪುಟ ಹಳೆಯದೆನ್ನಲು ಬರುವುದಿಲ್ಲ, ಜನರ ಬಾಯಲ್ಲಿ ಆಣೆ ಆಮೇಲೂ ಎಷ್ಟೋ ಕಾಲ ಉಳಿದಿತ್ತು. ಬಿಸಿಬೇಳೆ ಹುಳಿಯನ್ನನ ಪುಟದಲ್ಲಿ "ಮೂರು ಕೂಗು" ಎಂದಿದೆ. ಅದು ಕುಕ್ಕರ್ ಮನೆಗೆ ಬಂದ ಮೇಲಿನ ಬರಹ. ಸೇರು, ಪಾವು, ತೊಲ ಮೊದಲರ್ಧದಲ್ಲಿ, ಗ್ರಾಂ, ಲೋಟ, ಕೂಗು ಕೊನೆಯಲ್ಲಿ: ಒಬ್ಬ ಗೃಹಿಣಿಯ ಅಳತೆಗಳು ಬದಲಾದ ಕ್ರಮ ಹೀಗೆ ಪುಟಪುಟದಲ್ಲಿ ಕಾಣುತ್ತದೆ. ಅದಕ್ಕೇ ಪಾಕಗಳನ್ನು ಸಿಹಿ, ಖಾರ, ಉಪ್ಪಿನಕಾಯಿ ಎಂದು ವಿಂಗಡಿಸಿ ಮರುಜೋಡಿಸುವ ಸಲಹೆಯನ್ನು ನಾನು ವಿರೋಧಿಸಿದೆ. ವಿಂಗಡಣೆ ಬೇಕಾದರೆ ಕೊನೆಯಲ್ಲಿ ಅಕಾರಾದಿ ಪಟ್ಟಿ ಕೊಡಬಹುದು, ಪುಟಗಳ ಕ್ರಮ ಅಜ್ಜಿಯದೇ ಇರಲಿ.

ಸಂಕ್ಷೇಪಾಕ್ಷರಗಳಲ್ಲಿ "ಚ" ನಮ್ಮನ್ನು ಬಹಳ ಕಾಡಿತು. ಹೆಸರುಬೇಳೆ ಉಂಡೆಗೆ "ತುಪ್ಪ ೨ ಚ" ಎಂದಿದೆ. ಚಮಚವೋ ಚಟಾಕೋ? ಚಟಾಕು ಎಂದರೆ ಐದು ತೊಲ, 58 ಗ್ರಾಂ. ಎರಡು ಚಟಾಕಿಗೆ 116 ಗ್ರಾಂ ತುಪ್ಪ. ಎರಡು ಚಮಚಕ್ಕೆ ಹತ್ತು ಗ್ರಾಂ ಬಂದೀತು. ಉಂಡೆ ಕಟ್ಟಿ ನೋಡುವುದಲ್ಲದೆ ಬೇರೆ ದಾರಿಯಿರಲಿಲ್ಲ. ಅತ್ತೆ ಒಂದು ಪಾವು ಹಿಟ್ಟಿಗೆ ಚಮಚದ ಲೆಕ್ಕದಲ್ಲಿ ಕಲಸಿದರು, ಹಿಟ್ಟು ಮುಷ್ಟಿಯಲ್ಲಿ ನಿಲ್ಲದೆ ಉದುರಿತು. ತುಪ್ಪ ಹೆಚ್ಚಿಸುತ್ತ ಹೋಗಿ ಉಂಡೆ ಕಟ್ಟುವ ಹದಕ್ಕೆ ಬಂದಾಗ ಉಳಿದ ತುಪ್ಪ ತೂಗಿ ನೋಡಿದರೆ ನೂರರ ಆಸುಪಾಸು ಖರ್ಚಾಗಿತ್ತು. ಆ ಪುಟದ "ಚ" ಚಟಾಕು. ಎಲ್ಲ ಪುಟದಲ್ಲೂ ಹಾಗೆಯೇ ಎಂದಲ್ಲ: ಗ್ರಾಂ ಬಂದ ಮೇಲಿನ ಪುಟಗಳಲ್ಲಿ ಅದೇ "ಚ" ಚಮಚವಾಗಿದೆ.

ಸಾರಿನಪುಡಿಯನ್ನೂ ಹೀಗೆ ಪರೀಕ್ಷಿಸಿದೆವು, ಪೂರ್ತಿ ಅಳತೆಗಲ್ಲ, ಕಾಲು ಭಾಗಕ್ಕೆ. ಧನಿಯ 80 ಗ್ರಾಂ, ಮೆಣಸಿನಕಾಯಿ 70, ಜೀರಿಗೆ ಕಾಲು ಪಾವು, ಮೆಣಸು, ಮೆಂತ್ಯ, ಸಾಸಿವೆ ತಲಾ ಅದರ ಅರ್ಧ. ಹುರಿಯುವುದೇ ಕಷ್ಟ, ಏಕೆಂದರೆ "ಹದವಾಗಿ" ಎಂಬ ಒಂದೇ ಮಾತಿನಲ್ಲಿ ಅಜ್ಜಿ ಎಲ್ಲವನ್ನೂ ಮುಗಿಸಿದ್ದಾರೆ. ಅವರು ಬರೆದದ್ದು ತಮಗಾಗಿ, ಹುರಿಯಲು ಅವರಿಗೆ ಬರುತ್ತಿತ್ತು. ಅಳತೆ ಮಾತ್ರ ಮರೆತೀತು ಎಂದು ಗುರುತು ಹಾಕಿಕೊಂಡಿದ್ದರು. ಹಾಗಾಗಿ ಚಿಕ್ಕಮ್ಮ ಹುರಿಯುವಾಗ ಪಕ್ಕದಲ್ಲಿ ನಿಂತು ಬರೆದುಕೊಂಡೆವು. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಮೆಂತ್ಯ ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಬೇಕು, ಕಂದಾದರೆ ಕಹಿ. ಧನಿಯ ಘಮ್ಮೆಂದರೆ ಸಾಕು, ಬಣ್ಣಕ್ಕೆ ಕಾಯಬಾರದು. ಮೆಣಸಿನಕಾಯಿಗೆ ಒಂದು ತೊಟ್ಟು ಹರಳೆಣ್ಣೆ, ಮುರಿದರೆ ಪಟ್ಟೆನ್ನುವವರೆಗೆ. ಕರಿಬೇವು ಕೈಯಲ್ಲಿ ಹಿಸುಕಿದರೆ ಪುಡಿಯಾಗಬೇಕು, ಇಲ್ಲದಿದ್ದರೆ ಅದರ ತೇವಕ್ಕೆ ಪುಡಿ ಬೇಗ ಕೆಡುತ್ತದೆ. ಎಲ್ಲ ಆರಿದ ಮೇಲೆಯೇ ಮಿಕ್ಸಿಗೆ.

ದೊಡ್ಡಮ್ಮ ಅಲ್ಲೇ ಕೂತಿದ್ದರು. "ಅಮ್ಮ ಹರಳೆಣ್ಣೆ ಹಾಕ್ತಿರಲಿಲ್ಲ ಕಣೇ, ಬಿಸಿಲಿಗೆ ಹಾಕಿ ಗರಿಗರಿ ಮಾಡಿ ಹಾಗೇ ಕುಟ್ಟಿಸ್ತಿದ್ದಳು."

"ನೀನು ಮದುವೆಯಾಗಿ ಹೋದಮೇಲೆ ಹಾಕ್ತಿದ್ದಳು" ಎಂದರು ಚಿಕ್ಕಮ್ಮ.

ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಧೈರ್ಯ ಯಾರಿಗೂ ಇರಲಿಲ್ಲ, ಬಹುಶಃ ಇಬ್ಬರೂ ಸರಿ. ಪುಸ್ತಕದಲ್ಲಿ ಎರಡೂ ಇವೆ, ಇಬ್ಬರ ಹೆಸರಿನೊಂದಿಗೆ. ಪುಟವಿನ್ಯಾಸದ ನಿಯಮ ಹುಟ್ಟಿದ್ದು ಈ ಜಗಳದಿಂದ. ಎಡಪುಟದಲ್ಲಿ ಅಜ್ಜಿಯ ಕೈಬರಹದ ಚಿತ್ರ. ಬಲಪುಟದ ಮೇಲ್ಭಾಗದಲ್ಲಿ ಅದರದೇ ಅಚ್ಚಿನ ರೂಪ, ಅಕ್ಷರಕ್ಕೆ ಅಕ್ಷರ: "ಮೆಣಶಿನಕಾಯಿ" ಎಂದಿದ್ದರೆ ಹಾಗೇ, ೦|| ಇದ್ದರೆ ಹಾಗೇ. ಅದರ ಕೆಳಗೆ, ಬೇರೆ ಬಣ್ಣದಲ್ಲಿ, ನಮ್ಮ ಮಾತು: ಗ್ರಾಂ, ಹುರಿಯುವ ವಿಧಾನ, ಯಾರು ಹೇಳಿದ್ದು, ಮಾಡಿ ನೋಡಿದ್ದೇವೋ ಇಲ್ಲವೋ. ಮಾಡಿ ನೋಡದ ಪಾಕಗಳ ಪಕ್ಕ "ಇನ್ನೂ ಮಾಡಿಲ್ಲ" ಎಂದು ನಾಚಿಕೆಯಿಲ್ಲದೆ ಬರೆದಿದ್ದೇವೆ. ಅಂಥವು ಇನ್ನೂ ಅರ್ಧದಷ್ಟಿವೆ.

ಕೆಲವು ಪುಟಗಳು ಅಡುಗೆಯವಲ್ಲ. ಬಾಣಂತಿ ಲೇಹ್ಯ, ಎಳೆಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆ, ಜೇನುತುಪ್ಪ. ಇವನ್ನು ಅಜ್ಜಿಯ ಬರಹವಾಗಿ ಬಿಡುವಂತಿಲ್ಲ, ಅಳತೆ ಬಿಡಿಸಿ ಕೊಡುವುದೂ ತಪ್ಪು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು ಎಂಬುದು ಇಂದು ಮಕ್ಕಳ ವೈದ್ಯರೆಲ್ಲರೂ ಹೇಳುವ ಮಾತು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಹುಟ್ಟಿಸಬಲ್ಲವು. ಆ ಪುಟಗಳಿಗೆ ಗ್ರಾಂ ಲೆಕ್ಕ ಹಾಕದೆ, ಚಿತ್ರದ ಪಕ್ಕದಲ್ಲೇ "ಮಾಡಬೇಡಿ" ಎಂದು ಕಾರಣಸಹಿತ ಬರೆದೆವು. ಯಾರಿಗೆ ಎಷ್ಟು ಸಾಲ ಕೊಟ್ಟಿದ್ದು ಎಂಬ ಒಂದು ಪುಟವನ್ನಂತೂ ಹಂಚುವ ಪ್ರತಿಯಿಂದಲೇ ತೆಗೆದೆವು. ಸಾಲ ಮರಳಿಸಿದ ಗುರುತು ಅಲ್ಲಿರಲಿಲ್ಲ, ಸಾಲಗಾರರ ಮೊಮ್ಮಕ್ಕಳು ಗುಂಪಿನಲ್ಲೇ ಇದ್ದಾರೆ.

ಪಿಡಿಎಫ್ ಮಾಡುವಾಗ ಕನ್ನಡದ್ದೇ ಆದ ಕೆಲವು ತೊಡಕುಗಳು ಎದುರಾಗುತ್ತವೆ. ಮಾವ ನಿವೃತ್ತಿಯ ಉತ್ಸಾಹದಲ್ಲಿ ಅಷ್ಟೂ ಪುಟಗಳನ್ನು ತಾವು ಕಚೇರಿಯಲ್ಲಿ ಬಳಸಿದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಅಂಥ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಕೀಲಿಗಳ ಗೋಜಲು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಗೋಜಲು ಹೊರಬೀಳುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ಯೂನಿಕೋಡ್‌ಗೆ ತಂದೆವು, ಆದರೆ ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಮತ್ತೊಮ್ಮೆ ಕೈಬರಹದೊಂದಿಗೆ ಹೋಲಿಸಬೇಕಾಯಿತು. ಅಂಕಿಗಳಲ್ಲಿ ಸೊನ್ನೆಯದು ವಿಶೇಷ ತಕರಾರು. ೧೦ ಎಂಬಲ್ಲಿನ ಸೊನ್ನೆಯ ಬದಲು ಅನುಸ್ವಾರ ಒತ್ತಿದರೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಅದು ಹತ್ತೇ ಅಲ್ಲ, ಹುಡುಕಿದರೆ ಸಿಗುವುದಿಲ್ಲ.

ಹುಡುಕಾಟದ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಪಿಡಿಎಫ್ ಪುಟದ ಮೇಲೆ ಯಾವ ಆಕಾರ ಎಲ್ಲಿ ಕೂರಬೇಕು ಎಂಬುದನ್ನು ಮುಖ್ಯವಾಗಿ ನೆನಪಿಟ್ಟುಕೊಳ್ಳುತ್ತದೆ. "ಮಜ್ಜಿಗೆ"ಯ ಜ್ಜಿ ಅದಕ್ಕೆ ಒಂದು ಆಕಾರ ಮತ್ತು ಅದರ ಕೆಳಗೊಂದು ಆಕಾರ. ಆ ಆಕಾರಗಳಿಂದ ಮೂಲ ಅಕ್ಷರಗಳಿಗೆ ಹಿಂದಿರುಗುವ ಕೊಂಡಿಯನ್ನು ತಂತ್ರಾಂಶ ಸರಿಯಾಗಿ ಬರೆದಿಡದಿದ್ದರೆ, ಪುಟ ಸುಂದರವಾಗಿ ಕಂಡರೂ "ಮಜ್ಜಿಗೆ ಹುಳಿ" ಎಂದು ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿ ನೋಡುವುದು. ಒತ್ತುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಬೇರೆ ತಂತ್ರಾಂಶ, ಇಲ್ಲವೇ ಬೇರೆ ಫಾಂಟ್. ನಾವು LibreOffice ಬಳಸಿ, Noto Serif Kannada ಫಾಂಟಿನಲ್ಲಿ ಜೋಡಿಸಿದೆವು. ಕಡತ ರಫ್ತು ಮಾಡುವಾಗ ಅಲ್ಲಿ PDF/A ಎಂಬ ಆಯ್ಕೆ ಸಿಗುತ್ತದೆ. ದೀರ್ಘಕಾಲ ಕಾಪಿಡುವ ಕಡತಗಳಿಗೆಂದೇ 2005ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾನಕ ಅದು; ಫಾಂಟುಗಳೆಲ್ಲ ಕಡತದೊಳಗೇ ಇರಬೇಕೆಂಬುದು ಅದರ ಮುಖ್ಯ ಷರತ್ತು. ಅಷ್ಟಾದರೂ ಕೆಲವು ಪದಗಳು ಕೆಲವು ಫೋನುಗಳಲ್ಲಿ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಪ್ರತಿ ಪಾಕಕ್ಕೂ ಬುಕ್‌ಮಾರ್ಕ್ ಹಾಕಿ, ಕೊನೆಯ ಅಕಾರಾದಿಯಲ್ಲಿ ಪುಟಕ್ಕೆ ಹಾರುವ ಕೊಂಡಿ ಕೊಟ್ಟೆವು. ಕೈಬರಹವನ್ನು ತಾನಾಗಿ ಓದಿಕೊಡುವ ತಂತ್ರಾಂಶದ ಗೊಡವೆಗೆ ಹೋಗಲಿಲ್ಲ. ಒಂದು ಕಡ್ಡಿಗೂ ಎರಡು ಕಡ್ಡಿಗೂ ಇರುವ ಅಂತರವನ್ನು ಮನುಷ್ಯರೇ ಮೂರು ಸಲ ನೋಡಬೇಕಾಗಿತ್ತು.

ಕಡತಗಳು ಎರಡು. ಬಣ್ಣದ ಮೂಲ ಚಿತ್ರಗಳದ್ದು ದೊಡ್ಡದು; ಅದು ಮೂರು ಮನೆಗಳ ಹಾರ್ಡ್‌ಡಿಸ್ಕ್‌ಗಳಲ್ಲಿದೆ, ಯಾರೂ ಅದನ್ನು ತಿದ್ದುವುದಿಲ್ಲ. ಓದಲಿಕ್ಕಿರುವ ಪಿಡಿಎಫ್ ಚಿಕ್ಕದು. ಅದನ್ನು ವಾಟ್ಸಾಪಿನಲ್ಲಿ "ಡಾಕ್ಯುಮೆಂಟ್" ಆಗಿ ಕಳಿಸಿದರೆ ಹಾಗೇ ತಲುಪುತ್ತದೆ. ಪುಟಗಳನ್ನು ಫೋಟೊಗಳಾಗಿ ಕಳಿಸಿದರೆ ದಾರಿಯಲ್ಲಿ ಕುಗ್ಗುತ್ತವೆ, ತೆಳು ಗೆರೆಗಳಿಗೇ ಮೊದಲ ಪೆಟ್ಟು. ದೊಡ್ಡಮ್ಮನಂಥವರಿಗೆ ಮುದ್ರಿತ ಪ್ರತಿಯೇ ಬೇಕಿತ್ತು. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕೆಂದು ಮುದ್ರಣದಂಗಡಿಯವರು ಹೇಳಿದ್ದರಿಂದ ಕೊನೆಯಲ್ಲಿ ಮೂರು ಖಾಲಿ ಪುಟ ಉಳಿದವು. ಚಿಕ್ಕಮ್ಮ ಅದರಲ್ಲೊಂದರಲ್ಲಿ ಆಗಲೇ ಗೊಜ್ಜವಲಕ್ಕಿ ಬರೆದಿಟ್ಟಿದ್ದಾರೆ, ಅಳತೆಯೆಲ್ಲ ಲೋಟದಲ್ಲಿ.

ರಕ್ಷಾಪುಟದ ಒಳಬದಿಯಲ್ಲಿ ಆವೃತ್ತಿಯ ತಾರೀಖಿದೆ. ಮೊದಲನೆಯದು ಹಂಚಿದ ವಾರದಲ್ಲೇ ನ್ಯೂಜೆರ್ಸಿಯ ಅಕ್ಕ ಸಾರಿನಪುಡಿ ಮಾಡಿ ಫೋನ್ ಮಾಡಿದಳು. ಮೆಂತ್ಯ ಜಾಸ್ತಿಯಾಯಿತಂತೆ. ಅವಳು ನಮ್ಮ ಪಾವಿನ ಬದಲು ಅಲ್ಲಿನ ಕಪ್ಪಿನಲ್ಲಿ ಅಳೆದಿದ್ದಳು. ಆ ಕಪ್ಪಿಗೂ ಪಾವಿಗೂ ಹೆಚ್ಚು ಅಂತರವಿಲ್ಲ, ತಪ್ಪು ಅಲ್ಲಿರಲಿಲ್ಲ. ಕೇಳುತ್ತ ಹೋದಂತೆ ತಿಳಿಯಿತು, ಮೆಂತ್ಯವನ್ನು ಕಂದು ಬಣ್ಣ ಬರುವವರೆಗೆ ಹುರಿದಿದ್ದಳು. ನಾವು ಬರೆದದ್ದು "ಹೊಂಬಣ್ಣ" ಎಂದು. ಎರಡನೆಯ ಆವೃತ್ತಿಯ ಆ ಪುಟದಲ್ಲಿ ಸರಿಯಾಗಿ ಹುರಿದ ಮೆಂತ್ಯ, ಹೊತ್ತಿದ ಮೆಂತ್ಯ, ಎರಡರ ಫೋಟೊಗಳೂ ಪಕ್ಕಪಕ್ಕದಲ್ಲಿವೆ.